ಉತ್ತರ ಬಾರದ ಪಾವತಿ: ಮತ್ತೆ ಕಳುಹಿಸಬೇಕೇ, ಬೇಡವೇ?

ಶುಕ್ರವಾರ ರಾತ್ರಿ ಹನ್ನೊಂದೂವರೆ. ಕ್ಯಾಬ್ ಸಂಸ್ಥೆಯೊಂದರ ಸರ್ವರ್‌ನಲ್ಲಿ ವಾರದ ಬಟವಾಡೆಯ ಜಾಬ್ ತಾನಾಗಿ ಶುರುವಾಗಿದೆ ಎಂದುಕೊಳ್ಳೋಣ. 412 ಚಾಲಕರಿಗೆ ಅವರವರ ಗಳಿಕೆಯನ್ನು ಪಾವತಿ ಗೇಟ್‌ವೇ ಮೂಲಕ ಕಳುಹಿಸುವುದು ಅದರ ಕೆಲಸ. ಆಫೀಸಿನಲ್ಲಿ ಯಾರೂ ಇಲ್ಲ. 216 ಪಾವತಿ ಸಲೀಸಾಗಿ ಹೋದವು. 217ನೆಯದು ₹8,435. ಮೂವತ್ತು ಸೆಕೆಂಡು ಕಾದರೂ ಗೇಟ್‌ವೇಯಿಂದ ಉತ್ತರವಿಲ್ಲ, ಟೈಮ್‌ಔಟ್.

ಇಲ್ಲಿ ಮೂರರಲ್ಲಿ ಒಂದು ನಡೆದಿರಬೇಕು. ಕೋರಿಕೆ ಗೇಟ್‌ವೇಯನ್ನು ಮುಟ್ಟಲೇ ಇಲ್ಲ. ಅಥವಾ ಮುಟ್ಟಿದೆ, ಕೆಲಸ ಇನ್ನೂ ನಡೆಯುತ್ತಿದೆ. ಅಥವಾ ದುಡ್ಡು ಜಮೆಯಾಗಿದೆ, ‘ಆಯಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದೆ. ಜಾಬ್ ಇರುವ ಕಡೆಯಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಮತ್ತೆ ಕಳುಹಿಸಿದರೆ ಚಾಲಕನಿಗೆ ಎರಡು ಸಲ ದುಡ್ಡು ಹೋಗಬಹುದು, ಬಿಟ್ಟರೆ ಅವನ ವಾರದ ದುಡಿಮೆ ನಿಂತುಹೋಗಬಹುದು. ಆ್ಯಪ್ ಮುಂದೆ ಮನುಷ್ಯ ಕೂತಿದ್ದರೆ ಬ್ಯಾಂಕಿನ ಎಸ್‌ಎಂಎಸ್ ನೋಡಿಯೋ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿಯೋ ತಿಳಿದುಕೊಳ್ಳುತ್ತಾನೆ. ಜಾಬ್‌ಗೆ ಆ ಅನುಕೂಲವಿಲ್ಲ. ಏನು ಮಾಡಬೇಕೆಂದು ಅದಕ್ಕೆ ಮೊದಲೇ ಬರೆದುಕೊಟ್ಟಿರಬೇಕು.

ಇದಕ್ಕೆ ಇಂದು ಹೆಚ್ಚಾಗಿ ಕೇಳಿಬರುವ ಪರಿಹಾರ ಐಡೆಂಪೊಟೆನ್ಸಿ ಕೀ. ಪ್ರತಿ ಪಾವತಿಗೂ ಕಳುಹಿಸುವವನೇ ಒಂದು ವಿಶಿಷ್ಟ ಗುರುತು ಹಚ್ಚುತ್ತಾನೆ. ಅದೇ ಗುರುತಿನ ಕೋರಿಕೆ ಎರಡನೇ ಸಲ ಬಂದರೆ ಸೇವೆ ಕೆಲಸವನ್ನು ಮತ್ತೆ ಮಾಡದೆ ಮೊದಲ ಉತ್ತರವನ್ನೇ ಹಿಂದಿರುಗಿಸುತ್ತದೆ. ಒಂದೇ ನಂಬರಿನ ಚೆಕ್ಕನ್ನು ಬ್ಯಾಂಕು ಎರಡು ಸಲ ನಗದು ಮಾಡುವುದಿಲ್ಲವಲ್ಲ, ಹಾಗೆ. ಕೇಳಲು ಸರಳ. ಆದರೆ ಆ ಗುರುತನ್ನು ಯಾವಾಗ ಹುಟ್ಟಿಸಬೇಕು, ಯಾವುದರಿಂದ ಹುಟ್ಟಿಸಬೇಕು, ಎದುರಿನವರು ಅದನ್ನು ಎಷ್ಟು ದಿನ ನೆನಪಿಡಬೇಕು ಎಂಬ ಬಗ್ಗೆ ಒಮ್ಮತವಿಲ್ಲ. ಕೀ ಒಂದೇ ಸಾಕೇ ಎಂಬುದರ ಬಗ್ಗೆಯೂ ಇಲ್ಲ.

ಐವತ್ತು ವರ್ಷದ ಹಿನ್ನೆಲೆ

ಸಮಸ್ಯೆ ವೆಬ್‌ಗಿಂತ ಹಳೆಯದು. ಸಂದೇಶಗಳು ಕಳೆದುಹೋಗಬಹುದಾದ ದಾರಿಯಲ್ಲಿ, ಎಷ್ಟೇ ಸುತ್ತು ಮಾತಾಡಿದರೂ, ಎರಡು ಕಡೆಯವರು ‘ನಮ್ಮಿಬ್ಬರಿಗೂ ಗೊತ್ತಾಗಿದೆ’ ಎಂಬ ಖಾತರಿಗೆ ಬರಲಾಗದು ಎಂಬುದನ್ನು 1975ರಲ್ಲಿ ಅಕ್ಕೊಯುನ್ಲು, ಏಕನಾಧಮ್ ಮತ್ತು ಹ್ಯೂಬರ್ ತೋರಿಸಿದರು. 1978ರಲ್ಲಿ ಜಿಮ್ ಗ್ರೇ ಅದನ್ನೇ ಇಬ್ಬರು ಸೇನಾಪತಿಗಳ ಕಥೆಯಾಗಿ ಹೇಳಿದ ಮೇಲೆ ಅದು ಪಠ್ಯಪುಸ್ತಕಗಳಿಗೆ ಸೇರಿತು.

1984ರಲ್ಲಿ ಝೆರಾಕ್ಸ್ ಸಂಸ್ಥೆಯ ಬಿರೆಲ್ ಮತ್ತು ನೆಲ್ಸನ್ ದೂರದ ಯಂತ್ರದಲ್ಲಿರುವ ಫಂಕ್ಷನ್ನನ್ನು ಕರೆಯುವ ವ್ಯವಸ್ಥೆ ಕಟ್ಟಿದಾಗ ಪ್ರತಿ ಕರೆಗೂ ಒಂದು ಗುರುತು ಕೊಟ್ಟರು. ನಕಲಿ ಕರೆಗಳನ್ನು ಎದುರಿನ ಯಂತ್ರ ಅದರಿಂದಲೇ ಗುರುತಿಸಿ ಬಿಸಾಡುತ್ತಿತ್ತು. ಅವರು ಕೊಟ್ಟ ಭರವಸೆ ಪ್ರಾಮಾಣಿಕವಾಗಿತ್ತು: ಉತ್ತರ ಬಂದರೆ ಕೆಲಸ ಸರಿಯಾಗಿ ಒಂದು ಸಲ ಆಗಿದೆ; ಬರದಿದ್ದರೆ ಒಂದು ಸಲ ಆಗಿರಬಹುದು, ಆಗದೆಯೂ ಇರಬಹುದು. ನಮ್ಮ 217ನೇ ಪಾವತಿ ನಿಂತಿರುವುದು ಇದೇ ಜಾಗದಲ್ಲಿ.

ವೆಬ್ ಬಂದಾಗ ಎಚ್‌ಟಿಟಿಪಿ ನಿಯಮಾವಳಿ `GET`, `PUT`, `DELETE` ಕೋರಿಕೆಗಳನ್ನು ಎಷ್ಟು ಸಲ ಕಳುಹಿಸಿದರೂ ಪರಿಣಾಮ ಒಂದೇ ಎಂಬ ಗುಂಪಿಗೆ ಸೇರಿಸಿತು. ಪಾವತಿಗೆ, ಬುಕಿಂಗಿಗೆ ಎಲ್ಲರೂ ಬಳಸುವ `POST` ಆ ಗುಂಪಿನಿಂದ ಹೊರಗುಳಿಯಿತು. ಈ ಕೊರತೆ ತುಂಬಲು ಮಾರ್ಕ್ ನಾಟಿಂಗ್‌ಹ್ಯಾಮ್ 2005ರಲ್ಲಿ ಒಂದು `POST` ಒಂದೇ ಸಲ ನಡೆಯುವಂತೆ ಮಾಡುವ ಕರಡು ಮುಂದಿಟ್ಟರು, ಅದು ಮಾನದಂಡವಾಗಲಿಲ್ಲ. ಮುಂದೆ ಸ್ಟ್ರೈಪ್ ಕಂಪನಿ `Idempotency-Key` ಎಂಬ ಹೆಡರ್ ಅನ್ನು ತನ್ನ ಪಾವತಿ ಸೇವೆಯಲ್ಲಿ ಬಳಕೆಗೆ ತಂದಿತು. ಅಲ್ಲಿ ಎಂಜಿನಿಯರ್ ಆಗಿದ್ದ ಬ್ರಾಂಡುರ್ ಲೀಚ್ 2017ರಲ್ಲಿ ಅದರ ಒಳಗುಟ್ಟನ್ನು ವಿವರಿಸಿ ಬರೆದ ಲೇಖನಗಳಿಂದ ಈ ಪದ್ಧತಿ ಎಲ್ಲೆಡೆ ಹರಡಿತು.

ಮೊದಲ ಪಂಥ: ಕೀ ಕೊಡಿ, ಧೈರ್ಯವಾಗಿ ಮರುಯತ್ನಿಸಿ

ಈ ಪಂಥದವರ ಪ್ರಕಾರ ಹೊಣೆ ಇಬ್ಬರದು. ಕಳುಹಿಸುವವನು ಒಂದು ಪಾವತಿಗೆ ಒಂದೇ ಕೀ ಬಳಸಬೇಕು. ಸ್ವೀಕರಿಸುವವನು ಆ ಕೀ ಮತ್ತು ಅದರ ಮೊದಲ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಅಷ್ಟಾದರೆ ಟೈಮ್‌ಔಟ್ ಆದಾಗ ಮೂರರಲ್ಲಿ ಏನಾಗಿದೆ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಮತ್ತೆ ಕಳುಹಿಸಿದರಾಯಿತು: ಆಗಿರದಿದ್ದರೆ ಈಗ ಆಗುತ್ತದೆ, ಆಗಿದ್ದರೆ ಹಳೆಯ ಉತ್ತರ ಬರುತ್ತದೆ, ನಡೆಯುತ್ತಿದ್ದರೆ ‘ಇದೇ ಕೀಯ ಕೆಲಸ ಇನ್ನೂ ಮುಗಿದಿಲ್ಲ’ ಎಂಬ 409 ಬರುತ್ತದೆ.

ಪದ್ಧತಿ ಒಂದೇ ಆದರೂ ಪ್ರತಿ ಸೇವೆಯ ರೂಢಿ ಬೇರೆ. ಪೇಪಾಲ್‌ನಲ್ಲಿ ಹೆಡರಿನ ಹೆಸರು `PayPal-Request-Id`. ಸ್ಕ್ವೇರ್‌ನಲ್ಲಿ ಅದು ಹೆಡರ್ ಅಲ್ಲ, ಕೋರಿಕೆಯ ಒಳಗೇ ಇರುವ `idempotency_key`. ಅಮೆಜಾನ್‌ನ ಇಸಿ2 ಸೇವೆ ಸರ್ವರ್ ಬಾಡಿಗೆಗೆ ಪಡೆಯುವಾಗ `ClientToken` ಸ್ವೀಕರಿಸುತ್ತದೆ. ಬೆಂಗಳೂರಿನ ರೇಜರ್‌ಪೇ ತನ್ನ ಪೇಔಟ್ ಸೇವೆಯಲ್ಲಿ `X-Payout-Idempotency` ಹೆಡರ್ ಅನ್ನು 2025ರ ಮಾರ್ಚ್‌ನಿಂದ ಕಡ್ಡಾಯ ಮಾಡಿತು.

ಈ ಪಂಥ ಸಾಮಾನ್ಯವಾಗಿ ಸೋಲುವುದು ಕಳುಹಿಸುವವನ ಕಡೆಯಲ್ಲಿ. ತಪ್ಪು ಬಹುಪಾಲು ಇಷ್ಟು ಚಿಕ್ಕದು:

```python
for n in range(3):
    key = str(uuid.uuid4())
    if send_payout(driver, amount, key): break
```

ಕೀ ಲೂಪಿನ ಒಳಗೆ ಹುಟ್ಟುತ್ತಿದೆ. ಪ್ರತಿ ಮರುಯತ್ನಕ್ಕೂ ಹೊಸ ಕೀ, ಅಂದರೆ ಗೇಟ್‌ವೇ ಲೆಕ್ಕದಲ್ಲಿ ಪ್ರತಿಯೊಂದೂ ಹೊಸ ಪಾವತಿ. ಮಧ್ಯದ ಸಾಲನ್ನು ಲೂಪಿನ ಮೇಲಕ್ಕೆ ತಂದರೆ ಅರ್ಧ ಸರಿಹೋಗುತ್ತದೆ; ಸೇವೆಗಳು ಕೊಡುವ ಕೆಲವು ಲೈಬ್ರರಿಗಳು ಇಷ್ಟನ್ನು ತಾವೇ ಮಾಡುತ್ತವೆ. ಉಳಿದರ್ಧ ಹಾಗೇ ಇರುತ್ತದೆ. ಕೀ ಇರುವುದು ಪ್ರೋಗ್ರಾಮಿನ ಮೆಮೊರಿಯಲ್ಲಿ. ಕಳುಹಿಸಿದ ಮೇಲೆ, ಉತ್ತರ ಬರುವ ಮುನ್ನ ಸರ್ವರ್ ಬಿದ್ದು ಜಾಬ್ ಮತ್ತೆ ಮೊದಲಿಂದ ಶುರುವಾದರೆ ಹಳೆಯ ಕೀ ಎಲ್ಲಿಯೂ ಉಳಿದಿರುವುದಿಲ್ಲ. ಕಾವಲಿಲ್ಲದ ಜಾಬ್‌ಗಳಲ್ಲಿ ಹೀಗೆ ಮೊದಲಿಂದ ಶುರುವಾಗುವುದು ಅಪರೂಪವೇನಲ್ಲ.

ಎರಡನೇ ಪಂಥ: ವ್ಯವಹಾರದ ಗುರುತೇ ಕೀ

ಎಲ್ಲಿಂದಲೋ ಒಂದು ಯಾದೃಚ್ಛಿಕ ಸಂಖ್ಯೆ ತರುವುದೇಕೆ ಎಂಬುದು ಎರಡನೇ ಪಂಥದ ಪ್ರಶ್ನೆ. ‘ಚಾಲಕ 1042, ವಾರ 23’ ಎಂಬುದೇ ವಿಶಿಷ್ಟವಲ್ಲವೇ? ಅದನ್ನೇ ಕೀ ಮಾಡಿದರೆ ಜಾಬ್ ಎಷ್ಟು ಸಲ ಸತ್ತು ಹುಟ್ಟಿದರೂ ಅದೇ ಕೀ ಮತ್ತೆ ಸಿದ್ಧವಾಗುತ್ತದೆ, ಏನನ್ನೂ ನೆನಪಿಡಬೇಕಿಲ್ಲ. ಎರಡು ಸರ್ವರ್‌ಗಳಲ್ಲಿ ಒಂದೇ ಜಾಬ್ ಅಕಸ್ಮಾತ್ತಾಗಿ ಓಡಿದರೂ ಕೀ ಒಂದೇ ಆಗಿರುತ್ತದೆ. ಬುಕಿಂಗಿನಲ್ಲಿ ಇದು ಇನ್ನೂ ಸಹಜ: ಇಂಥ ದಿನದ ಇಂಥ ಬಸ್ಸಿನ 14ನೇ ಸೀಟು ಎಂದು ಕೇಳಿದರೆ ಆ ಸೀಟು ಎರಡು ಸಲ ಮಾರಾಟವಾಗಲು ಸಾಧ್ಯವೇ ಇಲ್ಲ. ‘ಯಾವುದಾದರೂ ಎರಡು ಸೀಟು’ ಎಂದು ಕೇಳಿದಾಗ ಮಾತ್ರ ಈ ರಕ್ಷಣೆ ತಪ್ಪುತ್ತದೆ. ಎರಡನೇ ಕೋರಿಕೆಗೆ ಬೇರೆ ಎರಡು ಸೀಟು ನಿರಾಯಾಸವಾಗಿ ಸಿಗುತ್ತದೆ.

ಈ ದಾರಿಯ ಅಪಾಯ, ಕೀಯೊಳಗೆ ಏನೇನು ಸೇರಿಸಬೇಕು ಎಂಬ ತೀರ್ಮಾನದಲ್ಲಿದೆ. ಕಡಿಮೆ ಸೇರಿಸಿದರೆ ನಿಜವಾಗಿ ಬೇಕಾದ ಎರಡನೇ ಪಾವತಿಯೂ ತಡೆಹಿಡಿಯಲ್ಪಡುತ್ತದೆ. ಖಾತೆ ನಂಬರ್ ತಪ್ಪಾಗಿ ಪಾವತಿ ತಿರಸ್ಕೃತವಾಯಿತು, ನಂಬರ್ ಸರಿಪಡಿಸಿ ಮತ್ತೆ ಕಳುಹಿಸಿದರೂ ಅದೇ ಕೀಗೆ ಅದೇ ಹಳೆಯ ತಿರಸ್ಕಾರ ವಾಪಸ್ ಬರುತ್ತದೆ. ಹೆಚ್ಚು ಸೇರಿಸಿದರೆ, ಉದಾಹರಣೆಗೆ ಮೊತ್ತವನ್ನೋ ಆ ಕ್ಷಣದ ಸಮಯವನ್ನೋ ಬೆರೆಸಿದರೆ, ಮರುಯತ್ನ ಸದ್ದಿಲ್ಲದೆ ಹೊಸ ಪಾವತಿಯಾಗಿಬಿಡುತ್ತದೆ.

ಮೂರನೇ ಪಂಥ: ಮೊದಲು ಕೇಳಿ, ಆಮೇಲೆ ಕಳುಹಿಸಿ

ಟೈಮ್‌ಔಟ್ ಆದರೆ ಮತ್ತೆ ಕಳುಹಿಸಬೇಡಿ, ‘ಈ ರೆಫರೆನ್ಸ್ ನಂಬರಿನದು ಏನಾಯಿತು’ ಎಂದು ವಿಚಾರಿಸಿ ಎನ್ನುವುದು ಬ್ಯಾಂಕಿಂಗ್ ಮತ್ತು ಪ್ರವಾಸ ಉದ್ಯಮದ ಹಳೆಯ ರೂಢಿ. ಎಕ್ಸ್‌ಪೀಡಿಯಾದ ರ್‍ಯಾಪಿಡ್ ಸೇವೆಯಲ್ಲಿ ಹೋಟೆಲ್ ಬುಕ್ ಮಾಡುವ ಪಾಲುದಾರರು `affiliate_reference_id` ಎಂಬ ತಮ್ಮದೇ ಗುರುತನ್ನು ಕಳುಹಿಸುತ್ತಾರೆ. ಉತ್ತರ ಕಳೆದುಹೋದರೆ ಅದನ್ನೇ ಹಿಡಿದು ಬುಕಿಂಗ್ ಹುಡುಕಬಹುದು. ಯುಪಿಐನಲ್ಲಿಯೂ ಬಾಕಿ ಉಳಿದ ವ್ಯವಹಾರದ ಸ್ಥಿತಿ ವಿಚಾರಿಸಲು ಬ್ಯಾಂಕುಗಳಿಗೆ ಪ್ರತ್ಯೇಕ ಕೋರಿಕೆ ಇದೆ.

ಈ ದಾರಿಯಲ್ಲಿ ಎರಡು ತೊಡಕು. ಒಂದು, ‘ಸಿಗಲಿಲ್ಲ’ ಎಂಬ ಉತ್ತರಕ್ಕೆ ‘ಆಗಿಲ್ಲ’ ಎಂದು ಅರ್ಥವಲ್ಲ. ಕೋರಿಕೆ ಇನ್ನೂ ಸರದಿಯಲ್ಲಿ ಇರಬಹುದು. ಅಥವಾ ವಿಚಾರಣೆಗೆ ಉತ್ತರಿಸಿದ್ದು ಮುಖ್ಯ ಡೇಟಾಬೇಸ್ ಅಲ್ಲದೆ, ಕ್ಷಣ ಹಿಂದುಳಿದ ಅದರ ನಕಲು ಪ್ರತಿ ಆಗಿರಬಹುದು. ಏರ್‌ಬಿಎನ್‌ಬಿ ತನ್ನ ಓರ್ಫಿಯಸ್ ಎಂಬ ಪಾವತಿ ವ್ಯವಸ್ಥೆಯ ಬಗ್ಗೆ 2019ರಲ್ಲಿ ಬರೆದಾಗ ಇದನ್ನೇ ಒತ್ತಿ ಹೇಳಿತ್ತು: ಕೀಗೆ ಸಂಬಂಧಿಸಿದ ಓದು ಬರಹ ಎರಡೂ ಮುಖ್ಯ ಡೇಟಾಬೇಸಿನಲ್ಲಿಯೇ ಆಗಬೇಕು, ನಕಲು ಪ್ರತಿಯ ವಿಳಂಬವೊಂದೇ ಎರಡು ಸಲ ಪಾವತಿ ಮಾಡಿಸಬಲ್ಲದು.

ಎರಡನೆಯದು, ವಿಚಾರಣೆಯೂ ಹೊರೆಯೇ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತಡವರಿಸಿತು. ಸ್ಥಿತಿ ವಿಚಾರಿಸುವ ಕೋರಿಕೆಗಳು ಪ್ರವಾಹದಂತೆ ಬಂದದ್ದು, ಕೆಲವು ಬ್ಯಾಂಕುಗಳು ಹಳೆಯ ವ್ಯವಹಾರಗಳ ಬಗ್ಗೆಯೂ ಮತ್ತೆ ಮತ್ತೆ ಕೇಳುತ್ತಿದ್ದದ್ದು ಕಾರಣವೆಂದು ಎನ್‌ಪಿಸಿಐ ಕಂಡುಕೊಂಡಿತು. ಅದೇ ವರ್ಷದ ಆಗಸ್ಟ್‌ನಿಂದ ಬಾಕಿ ವ್ಯವಹಾರವೊಂದರ ಸ್ಥಿತಿಯನ್ನು ಮೂರು ಸಲ ಮಾತ್ರ, ಅದೂ 90 ಸೆಕೆಂಡಿನ ಅಂತರದಲ್ಲಿ ಕೇಳಬಹುದೆಂಬ ಮಿತಿ ಬಂತು. ಯಾರ ಮೇಲ್ವಿಚಾರಣೆಯೂ ಇಲ್ಲದೆ ಓಡುವ ಜಾಬ್ ಬರೆಯುವವರು ಈ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆಯಬೇಕು.

ನಾಲ್ಕನೇ ಪಂಥ: ಅನುಮಾನವಿದ್ದರೆ ರದ್ದು ಮಾಡಿ

ಕಾರ್ಡ್ ಜಾಲಗಳ ದಾರಿ ಇದು. 1987ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8583 ಮಾನದಂಡದಲ್ಲಿ ರದ್ದತಿಗೆಂದೇ 0420 ಸಂದೇಶವಿದೆ. ಅದನ್ನೇ ಮತ್ತೆ ಕಳುಹಿಸುವಾಗ ‘ಇದು ಪುನರಾವರ್ತನೆ’ ಎಂದು ಸೂಚಿಸಲು 0421. ಅಂಗಡಿಯ ಕಾರ್ಡ್ ಯಂತ್ರಕ್ಕೆ ಉತ್ತರ ಬರದಿದ್ದರೆ ವ್ಯವಹಾರ ವಿಫಲವೆಂದೇ ಎಣಿಸಿ, ಸ್ವೀಕೃತಿ ಸಿಗುವವರೆಗೂ ರದ್ದತಿ ಕಳುಹಿಸುತ್ತಲೇ ಇರುವುದು ಇಲ್ಲಿನ ಕ್ರಮ. ರದ್ದತಿಯನ್ನು ಹತ್ತು ಸಲ ಹೇಳಿದರೂ ಪರಿಣಾಮ ಒಂದೇ ಆದ್ದರಿಂದ ಇದರಲ್ಲಿ ನಷ್ಟದ ಭಯವಿಲ್ಲ.

ಕಾರ್ಡಿನಲ್ಲಿ ಇದು ನಡೆಯುತ್ತದೆ, ಏಕೆಂದರೆ ಮೊದಲು ಮೊತ್ತವನ್ನು ಕಾದಿರಿಸಿ ಆಮೇಲೆ ವಸೂಲಿ ಮಾಡುವ ಎರಡು ಹಂತ ಅಲ್ಲಿದೆ. ಹೋಟೆಲ್ ಕೋಣೆಯನ್ನು ಕೆಲ ನಿಮಿಷ ಹಿಡಿದಿಟ್ಟು ಆಮೇಲೆ ಖಚಿತಪಡಿಸುವ ಸೇವೆಗಳಲ್ಲಿಯೂ ಇದು ಒಗ್ಗುತ್ತದೆ. ನೇರವಾಗಿ ಇನ್ನೊಬ್ಬರ ಖಾತೆಗೆ ಜಮೆಯಾಗುವ ಪಾವತಿಯಲ್ಲಿ ಮಾತ್ರ ಹಾಗಲ್ಲ. ಜಮೆಯಾದ ದುಡ್ಡನ್ನು ಚಾಲಕ ಬೆಳಗಾಗುವಷ್ಟರಲ್ಲಿ ಡೀಸೆಲ್‌ಗೆ ಖರ್ಚು ಮಾಡಿರುತ್ತಾನೆ. ಹಣ ವಾಪಸಾತಿಗೆ ಇಲ್ಲಿ ಗಡುವು, ದಂಡಗಳ ವ್ಯವಸ್ಥೆಯಿದೆ: ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಯುಪಿಐನಲ್ಲಿ ಖಾತೆಯಿಂದ ಹಣ ಕಡಿತವಾಗಿ ಎದುರಿನವರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದ ಪ್ರತಿ ದಿನಕ್ಕೂ ಗ್ರಾಹಕನಿಗೆ ₹100 ಕೊಡಬೇಕು. ಇದು ಅರ್ಧಕ್ಕೆ ನಿಂತ ಪಾವತಿಗೆ ಪರಿಹಾರ. ಎರಡೂ ಸಲ ಸರಿಯಾಗಿಯೇ ಜಮೆಯಾದ ಪಾವತಿಗೆ ಇದು ಅನ್ವಯಿಸುವುದಿಲ್ಲ.

217ನೇ ಪಾವತಿಯನ್ನು ಬಿಡಿಸಿ ನೋಡಿದರೆ

ಮೇಲಿನ ಪಂಥಗಳು ಪರಸ್ಪರ ವಿರೋಧಿಗಳಂತೆ ಕಂಡರೂ, ಒಂದು ಜಾಬ್ ಗಟ್ಟಿಯಾಗಿ ನಿಲ್ಲಲು ಸಾಮಾನ್ಯವಾಗಿ ಮೊದಲ ಮೂರೂ ಬೇಕಾಗುತ್ತವೆ. ಅವು ಸೇರುವ ಜಾಗ ಗೇಟ್‌ವೇ ಅಲ್ಲ, ಕಳುಹಿಸುವವನದೇ ಡೇಟಾಬೇಸಿನ ಒಂದು ಟೇಬಲ್:

```sql
CREATE TABLE payout_intent (
  driver_id  bigint,
  week       text,
  attempt    int  DEFAULT 1,
  amount     bigint NOT NULL,
  idem_key   uuid NOT NULL,
  state      text DEFAULT 'planned',
  sent_at    timestamptz,
  UNIQUE (driver_id, week, attempt)
);
```

ಜಾಬ್ ಶುರುವಾದ ಕೂಡಲೇ ದುಡ್ಡು ಕಳುಹಿಸುವುದಿಲ್ಲ. ಮೊದಲು 412 ಸಾಲು ಬರೆದು, ಮೊತ್ತ ಮತ್ತು ಕೀ ಎರಡನ್ನೂ ಅಲ್ಲಿಯೇ ನಿಗದಿ ಮಾಡಿ ಕಮಿಟ್ ಮಾಡುತ್ತದೆ. ಕೀ ಯಾದೃಚ್ಛಿಕವೇ, ಆದರೆ ಚಾಲಕ, ವಾರ, ಯತ್ನ ಮೂರರ ಮೇಲಿನ `UNIQUE` ಷರತ್ತು ಒಬ್ಬನಿಗೆ ಎರಡು ಸಾಲು ಹುಟ್ಟದಂತೆ ತಡೆಯುತ್ತದೆ. ಆಮೇಲೆ ಪ್ರತಿ ಸಾಲಿಗೂ ಮೊದಲ ಸಲ ಕಳುಹಿಸುವ ಮುನ್ನ `sent_at` ಬರೆದು ಮತ್ತೆ ಕಮಿಟ್, ಅನಂತರ ಗೇಟ್‌ವೇಗೆ ಕರೆ, ಉತ್ತರ ಬಂದ ಮೇಲೆ `state` ಬದಲಾವಣೆ. ಕರೆಯನ್ನು ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ ಇಡುವಂತಿಲ್ಲ. ಇಟ್ಟರೆ, ಕರೆ ಹೋದ ಮೇಲೆ ಏನೋ ಎಡವಟ್ಟಾಗಿ ರೋಲ್‌ಬ್ಯಾಕ್ ಆದಾಗ ಕೀಯ ಜೊತೆಗೆ ಕಳುಹಿಸಿದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಹೋದ ದುಡ್ಡು ಮಾತ್ರ ರೋಲ್‌ಬ್ಯಾಕ್ ಆಗುವುದಿಲ್ಲ.

ಈಗ ಶುಕ್ರವಾರ ರಾತ್ರಿಯ ಕಥೆಯನ್ನು ಮುಂದುವರಿಸೋಣ. 217ನೆಯದು ಟೈಮ್‌ಔಟ್ ಆಯಿತು, ಅದೇ ಕೀಯಿಂದ ಇನ್ನೆರಡು ಯತ್ನವೂ ಫಲಿಸಲಿಲ್ಲ, ಜಾಬ್ ನಿಂತಿತು. ಎಚ್ಚರಿಕೆಯ ಇಮೇಲ್ ಬಂತು, ವಾರಾಂತ್ಯದಲ್ಲಿ ಯಾರೂ ನೋಡಲಿಲ್ಲ. ಶನಿವಾರ ಆ ಚಾಲಕನಿಗೆ ₹300 ಪ್ರೋತ್ಸಾಹಧನ ಮಂಜೂರಾಯಿತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಿಬ್ಬಂದಿ ಜಾಬ್ ಅನ್ನು ಮತ್ತೆ ಓಡಿಸಿದರು.

ಮೊತ್ತವನ್ನು ಮೊದಲೇ ನಿಗದಿ ಮಾಡಿರದ ಜಾಬ್ ಈಗ ₹8,735 ಎಂದು ಹೊಸದಾಗಿ ಲೆಕ್ಕ ಹಾಕುತ್ತದೆ. ಕೀ ಹಳೆಯದಾದರೆ, ಕೀ ಒಂದೇ ಇದ್ದು ಒಳಗಿನ ವಿವರ ಬೇರೆಯಿದೆ ಎಂದು ಗೇಟ್‌ವೇ ತಿರಸ್ಕರಿಸಬಹುದು, ಅದು ಒಳ್ಳೆಯದೇ. ಮೊತ್ತವನ್ನೂ ಬೆರೆಸಿ ಕೀ ಮಾಡಿದ್ದರೆ ಅದು ಹೊಸ ಪಾವತಿಯಾಗುತ್ತದೆ, ಶುಕ್ರವಾರದ್ದೂ ಹೋಗಿದ್ದರೆ ಚಾಲಕನಿಗೆ ಒಟ್ಟು ₹17,170. ಟೇಬಲ್ ಇರುವ ಜಾಬ್‌ನಲ್ಲಿ ₹8,435ರ ಸಾಲು ಬದಲಾಗುವುದಿಲ್ಲ. ₹300 ಬೇರೆಯದೇ ಪಾವತಿಯಾಗಿ, ಬೇರೆ ಕೀಯೊಂದಿಗೆ ಹೋಗುತ್ತದೆ.

ಇನ್ನೂ ಸೂಕ್ಷ್ಮವಾದ ಅಪಾಯ ಗಡಿಯಾರದ್ದು. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಗೆ 58 ಗಂಟೆ ದಾಟಿದೆ. ಗೇಟ್‌ವೇ ಕೀಗಳನ್ನು 24 ಗಂಟೆ ಮಾತ್ರ ನೆನಪಿಡುವಂಥದಾದರೆ, ಅದೇ ಕೀ, ಅದೇ ಮೊತ್ತ ಕಳುಹಿಸಿದರೂ ಅದು ಹೊಸ ಪಾವತಿಯಾಗಿಯೇ ನಡೆದುಬಿಡುತ್ತದೆ, ಯಾವ ದೋಷ ಸಂದೇಶವೂ ಇಲ್ಲದೆ. ಆದ್ದರಿಂದಲೇ `sent_at` ಬೇಕು. ಮೊದಲ ಯತ್ನಕ್ಕೆ, ಉದಾಹರಣೆಗೆ, 20 ಗಂಟೆ ಮೀರಿದ್ದರೆ ಜಾಬ್ ಮತ್ತೆ ಕಳುಹಿಸಬಾರದು. ಮೂರನೇ ಪಂಥದ ದಾರಿ ಹಿಡಿದು ರೆಫರೆನ್ಸ್ ನಂಬರಿನಿಂದ ವಿಚಾರಿಸಬೇಕು. ಸಿಕ್ಕರೆ ‘ಪಾವತಿಯಾಗಿದೆ’ ಎಂದು ಗುರುತು ಹಾಕುವುದು. ಸಿಗದಿದ್ದರೆ ಗೇಟ್‌ವೇಯ ವ್ಯವಹಾರ ಪಟ್ಟಿಯನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ತಾಳೆ ನೋಡಲು ಮನುಷ್ಯರಿಗೆ ಒಪ್ಪಿಸುವುದು. ಖಚಿತ ವೈಫಲ್ಯ ಎಂದು ದೃಢವಾದ ಮೇಲಷ್ಟೇ `attempt` 2 ಆಗಿ ಹೊಸ ಕೀ ಹುಟ್ಟಬೇಕು.

ಇಂಥ ದೋಷ ಹೊರಗೆ ಕಾಣುವುದು ತಡವಾಗಿ. ಹೆಚ್ಚು ದುಡ್ಡು ಬಂದವರು ದೂರು ಕೊಡುವುದು ಕಡಿಮೆ. ಒಂದೇ ಚಾಲಕ ಮತ್ತು ವಾರಕ್ಕೆ ಗೇಟ್‌ವೇ ಪಟ್ಟಿಯಲ್ಲಿ ಎರಡು ಯಶಸ್ವಿ ಸಾಲು ಇವೆಯೇ ಎಂದು ದಿನಕ್ಕೊಮ್ಮೆ ನೋಡುವ ಇನ್ನೊಂದು ಪುಟ್ಟ ಜಾಬ್ ಇದ್ದರೆ ದೋಷ ಮರುದಿನವೇ ಸಿಕ್ಕಿಬೀಳುತ್ತದೆ.

ಇನ್ನೂ ಇತ್ಯರ್ಥವಾಗದ್ದು

ನೆನಪಿನ ಅವಧಿಯ ಬಗ್ಗೆ ಒಮ್ಮತವಿಲ್ಲ. ಸ್ಟ್ರೈಪ್‌ನ ಹಳೆಯ ಆವೃತ್ತಿ ಕೀಗಳನ್ನು ಕನಿಷ್ಠ 24 ಗಂಟೆ ಇಡುತ್ತದೆ, ಅದರ ಹೊಸ ಆವೃತ್ತಿ 30 ದಿನ, ಆ್ಯಡ್‌ಯೆನ್ ಕನಿಷ್ಠ 7 ದಿನ. ಕೋಟ್ಯಂತರ ಕೀಗಳನ್ನು ವೇಗವಾಗಿ ಹುಡುಕುವಂತೆ ಇಟ್ಟುಕೊಳ್ಳುವ ಖರ್ಚು ಸೇವೆಯದು, ಬೇಗ ಮರೆತರೆ ಆಗುವ ನಷ್ಟ ಗ್ರಾಹಕನದು. ಆದ್ದರಿಂದ ಸೇವೆಗಳು ತಾವಾಗಿಯೇ ಒಂದು ಅವಧಿಗೆ ಬಂದು ನಿಲ್ಲುವ ಲಕ್ಷಣವಿಲ್ಲ.

ವೈಫಲ್ಯವನ್ನು ನೆನಪಿಡಬೇಕೇ ಎಂಬುದು ಎರಡನೆಯದು. ಸ್ಟ್ರೈಪ್‌ನ ಹಳೆಯ ಆವೃತ್ತಿ ಕೆಲಸ ಶುರುವಾದ ಮೇಲೆ ಬಂದ 500 ದೋಷವನ್ನೂ ಬರೆದಿಟ್ಟು, ಅದೇ ಕೀಗೆ ಅದನ್ನೇ ಮತ್ತೆ ಕೊಡುತ್ತದೆ. 500 ಬಂದರೆ ಫಲಿತಾಂಶ ಅನಿಶ್ಚಿತವೆಂದೇ ತಿಳಿಯಿರಿ ಎಂದೂ ಹೇಳುತ್ತದೆ. ಹೊಸ ಆವೃತ್ತಿ ವಿಫಲವಾದ ಕೋರಿಕೆಯನ್ನು ಮತ್ತೆ ನಡೆಸಲು ಯತ್ನಿಸುತ್ತದೆ. ಒಂದೇ ಕಂಪನಿ ಎರಡು ಕಾಲದಲ್ಲಿ ಎರಡು ಉತ್ತರ ಕೊಟ್ಟಿದೆ. ಎರಡಕ್ಕೂ ಹೊಂದುವಂತೆ ಬರೆದ ಜಾಬ್‌ಗೆ ಅನಿಶ್ಚಿತ, ಖಚಿತ ವೈಫಲ್ಯ ಎಂಬ ಎರಡು ಬೇರೆ ಸ್ಥಿತಿಗಳು ಬೇಕಾಗುತ್ತವೆ.

ಮೂರನೆಯದು ಮಾನದಂಡ. ಐಇಟಿಎಫ್‌ನಲ್ಲಿ ಪೇಪಾಲ್‌ನ ಎಂಜಿನಿಯರೊಬ್ಬರೂ ಸೇರಿ `Idempotency-Key` ಹೆಡರಿಗೆ ಬರೆದ ಕರಡು ಹಲವು ಆವೃತ್ತಿಗಳನ್ನು ಕಂಡಿದೆ. ಕೀ ಇಲ್ಲದಿದ್ದರೆ 400, ಬೇರೆ ವಿವರದೊಂದಿಗೆ ಮರುಬಳಸಿದರೆ 422, ಮೊದಲ ಕೋರಿಕೆ ಮುಗಿದಿರದಿದ್ದರೆ 409 ಎಂದು ಅದು ಸೂಚಿಸುತ್ತದೆ. ಕೀ ಎಷ್ಟು ದಿನ ಬಾಳಬೇಕು, ಯಾವ ವಿವರಗಳು ಹೊಂದಿದರೆ ಎರಡು ಕೋರಿಕೆಗಳು ‘ಒಂದೇ’ ಎಂಬುದನ್ನು ಆಯಾ ಸೇವೆಗೇ ಬಿಡುತ್ತದೆ.

ನಾಲ್ಕನೆಯದು ಸರಪಳಿಯದು. ಜಾಬ್‌ನ ಕೀ ಕೆಲಸ ಮಾಡುವುದು ಗೇಟ್‌ವೇವರೆಗೆ ಮಾತ್ರ. ಗೇಟ್‌ವೇಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಜಾಲಕ್ಕೆ, ಬುಕಿಂಗ್ ತಾಣದಿಂದ ಹೋಟೆಲಿನ ಕಂಪ್ಯೂಟರಿಗೆ ಹೋಗುವ ಪ್ರತಿ ಕೊಂಡಿಯಲ್ಲಿಯೂ ಬೇರೆ ರೆಫರೆನ್ಸ್ ನಂಬರ್, ಬೇರೆ ನೆನಪಿನ ಅವಧಿ, ಬೇರೆ ಮರುಯತ್ನದ ನಿಯಮ. ಒಳಗಿನ ಯಾವುದೋ ಕೊಂಡಿಯಲ್ಲಿ ಪಾವತಿ ಎರಡಾದರೆ ಅದರ ನಷ್ಟ ಯಾರದು, ಅದಕ್ಕೆ ಸಾಕ್ಷ್ಯವಾಗಿ ಯಾರ ದಾಖಲೆ ನಿಲ್ಲುತ್ತದೆ ಎಂಬುದನ್ನು ಸದ್ಯ ಆಯಾ ಒಪ್ಪಂದದ ಷರತ್ತುಗಳೇ ತೀರ್ಮಾನಿಸುತ್ತಿವೆ.